ಟಿಸಿ ಕೊಟ್ಟ ಮಾತ್ರಕ್ಕೆ ಅಡ್ಮಿಷನ್ ಆಗಲ್ಲ

2023ರ ಜೂನ್‌ನ ಒಂದು ಮಂಗಳವಾರ, ಆಫೀಸಿನ ಮೀಟಿಂಗ್ ಮಧ್ಯೆ ಫೋನ್ ಒಮ್ಮೆ ಗುರ್ ಅಂತು. ನೋಡಿದರೆ ಮಹಾರಾಷ್ಟ್ರ ಟ್ರಾಫಿಕ್ ಪೊಲೀಸರ ಇ-ಚಲನ್. ಅತಿವೇಗ, ಸಾಂಗ್ಲಿ ಜಿಲ್ಲೆ, ಎರಡು ಸಾವಿರ ರೂಪಾಯಿ. ಕೆಳಗೆ ಗಾಡಿ ನಂಬರ್. ಆ ನಂಬರನ್ನು ವರ್ಷಗಟ್ಟಲೆ ದಿನಾ ನೋಡಿದವನು ನಾನು, ಮರೆಯೋದು ಹೇಗೆ? ನನ್ನದೇ ಕಾರು. ಅಲ್ಲ, ನನ್ನದಾಗಿದ್ದ ಕಾರು. ಹತ್ತು ತಿಂಗಳ ಹಿಂದೆಯೇ ಮಾರಿ, ದುಡ್ಡು ಎಣಿಸಿಕೊಂಡು, ಕೀ ಕೊಟ್ಟು ಕೈತೊಳೆದುಕೊಂಡಿದ್ದೆ.

ಮೊದಲು ಅನ್ನಿಸಿದ್ದು ಏನೋ ತಪ್ಪಾಗಿದೆ ಅಂತ. ಯಾಕೆಂದರೆ ನಾನು ಸುಮ್ಮನೆ ಮಾರಿದವನಲ್ಲ. ಕೊಂಡವರು ಕೊಲ್ಹಾಪುರದವರು ಅಂತ ಗೊತ್ತಿದ್ದರಿಂದ ಆರ್‌ಟಿಒದಲ್ಲಿ ಅರ್ಜಿ ಹಾಕಿ ಎನ್‌ಒಸಿ ತೆಗೆಸಿಕೊಟ್ಟಿದ್ದೆ. ಗಾಡಿ ನಮ್ಮ ರಾಜ್ಯ ಬಿಟ್ಟು ಹೋಗಲು ನಮ್ಮ ಅಭ್ಯಂತರ ಏನೂ ಇಲ್ಲ ಅಂತ ಸರ್ಕಾರವೇ ಬರೆದುಕೊಟ್ಟ ಪತ್ರ ಅದು. ಅದರ ಜೆರಾಕ್ಸ್ ನನ್ನ ಫೈಲಲ್ಲಿ ಭದ್ರವಾಗಿತ್ತು. ಕಾರು ಮಾರಿಸಿಕೊಟ್ಟ ಡೀಲರ್ ಕೂಡ ಅವತ್ತು ಅದನ್ನೇ ಹೇಳಿದ್ದ: "ಎನ್‌ಒಸಿ ಆಯ್ತಲ್ಲ ಸಾರ್, ಇನ್ನು ನಿಮಗೂ ಗಾಡಿಗೂ ಸಂಬಂಧ ಇಲ್ಲ."

ಮೀಟಿಂಗ್ ಮುಗಿಯುವುದರೊಳಗೆ ಎಂ-ಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿ ನೋಡಿದೆ. ಮಾಲೀಕರ ಹೆಸರಿನ ಜಾಗದಲ್ಲಿ ಅರ್ಧ ಅಕ್ಷರ ನಕ್ಷತ್ರಗಳಿಂದ ಮುಚ್ಚಿದ್ದರೂ ಉಳಿದರ್ಧ ನನ್ನದೇ ಹೆಸರು. ಸ್ಟೇಟಸ್ ಎದುರಿಗೆ NOC ISSUED ಅಂತ ಇತ್ತು. ಅಷ್ಟಾಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಇನ್ನೂ ಕೆಳಗೆ ಇನ್ಶೂರೆನ್ಸ್ ಸಾಲಿತ್ತು. ಅದು ಏಪ್ರಿಲ್‌ನಲ್ಲೇ ಮುಗಿದಿತ್ತು.

ಅಂದರೆ, ವಿಮೆಯಿಲ್ಲದ ಒಂದು ಕಾರು ನನ್ನ ಹೆಸರಲ್ಲಿ, ನಾನು ಕಂಡೇ ಇರದ ಊರಲ್ಲಿ, ನನಗೆ ಗೊತ್ತಿಲ್ಲದ ಯಾರದೋ ಕೈಯಲ್ಲಿ, ಅತಿವೇಗದಲ್ಲಿ ಓಡುತ್ತಿದೆ.

ಮರುದಿನ ಅರ್ಧ ದಿನ ರಜೆ ಹಾಕಿ ನಮ್ಮ ಆರ್‌ಟಿಒಗೆ ಹೋದೆ. ಕೌಂಟರಿನಲ್ಲಿದ್ದ ಮೇಡಂ ನನ್ನ ಎನ್‌ಒಸಿ ಕಾಪಿ ತಿರುಗಿಸಿ ಮುರುಗಿಸಿ ನೋಡಿ ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಮಕ್ಕಳು ಸ್ಕೂಲಿಗೆ ಹೋಗ್ತಾರಾ?"

"ಹೋಗ್ತಾಳೆ ಮೇಡಂ, ಒಬ್ಬಳು."

"ಒಂದು ಸ್ಕೂಲಿಂದ ಟಿಸಿ ಇಸ್ಕೊಂಡ್ರೆ ಇನ್ನೊಂದು ಸ್ಕೂಲಲ್ಲಿ ಅಡ್ಮಿಷನ್ ತಾನಾಗೇ ಆಗ್ಬಿಡತ್ತಾ?"

"ಇಲ್ಲ."

"ಇದೂ ಅಷ್ಟೇ. ನಾವು ಟಿಸಿ ಕೊಟ್ಟಿದ್ದೀವಿ. ಅಲ್ಲಿ ಅಡ್ಮಿಷನ್ ಮಾಡಿಸಿಲ್ಲ. ಅಲ್ಲೀವರೆಗೂ ರಿಜಿಸ್ಟರಲ್ಲಿ ಹೆಸರು ನಿಮ್ಮದೇ."

ಎರಡು ವಾಕ್ಯದಲ್ಲಿ ಅವರು ಹೇಳಿದ್ದು ಹತ್ತು ತಿಂಗಳ ಹಿಂದೆಯೇ ನನಗೆ ಗೊತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಈ ಒಂದು ವಿಷಯದಲ್ಲಿ ನನ್ನ ಹಾಗೆ ಎಡವಿದವರು ಬೇಕಾದಷ್ಟು ಜನ ಇದ್ದಾರೆ ಅಂತ ಆಮೇಲೆ ಗೊತ್ತಾಯಿತು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾವು ಒಂದೇ ಅಂದುಕೊಳ್ಳುವ ಎರಡು ಕೆಲಸ ಇಲ್ಲಿವೆ. ಒಂದು, ಗಾಡಿ ಒಂದು ರಾಜ್ಯದ ದಾಖಲೆಯಿಂದ ಇನ್ನೊಂದು ರಾಜ್ಯದ ದಾಖಲೆಗೆ ಹೋಗುವುದು. ಇನ್ನೊಂದು, ಗಾಡಿ ಒಬ್ಬರ ಹೆಸರಿಂದ ಇನ್ನೊಬ್ಬರ ಹೆಸರಿಗೆ ಹೋಗುವುದು. ಎನ್‌ಒಸಿ, ಅಂದರೆ ಫಾರ್ಮ್ 28, ಮೊದಲನೇ ಕೆಲಸದ ಮೊದಲನೇ ಮೆಟ್ಟಿಲು ಮಾತ್ರ. ಈ ಗಾಡಿ ಮೇಲೆ ತೆರಿಗೆ ಬಾಕಿ ಇಲ್ಲ, ಕಳ್ಳತನದ ಕೇಸಿಲ್ಲ, ಸಾಲದ ಹೊರೆ ಇದ್ದರೆ ಬ್ಯಾಂಕಿನವರು ಒಪ್ಪಿದ್ದಾರೆ, ಆದ್ದರಿಂದ ಇಂಥ ಕಚೇರಿಯ ವ್ಯಾಪ್ತಿಗೆ ಹೋಗಲು ನಮ್ಮ ತಕರಾರಿಲ್ಲ ಅಂತ ಅದು ಹೇಳುತ್ತದೆ. ಮಾಲೀಕರು ಬದಲಾದರು ಅಂತ ಅದರಲ್ಲಿ ಎಲ್ಲೂ ಇಲ್ಲ. ನೀವು ಕೆಲಸ ಬದಲಾಗಿ ನಿಮ್ಮದೇ ಕಾರನ್ನು ಪುಣೆಗೋ ಹೈದರಾಬಾದಿಗೋ ಒಯ್ಯುವಾಗಲೂ ಇದೇ ಎನ್‌ಒಸಿ, ಮಾರುವಾಗಲೂ ಇದೇ ಎನ್‌ಒಸಿ.

ಹೆಸರು ಬದಲಾಗಬೇಕಾದರೆ ಬೇರೆ ಫಾರ್ಮುಗಳು ಬೇಕು. ಗಾಡಿ ಮಾರಿದ್ದೇನೆ ಅಂತ ಮಾರಿದವನು ಕೊಡುವ ನೋಟಿಸು ಫಾರ್ಮ್ 29. ಹೆಸರು ಬದಲಿಸಿ ಅಂತ ಕೇಳುವ, ಇಬ್ಬರದೂ ಸಹಿ ಇರುವ ಅರ್ಜಿ ಫಾರ್ಮ್ 30. ಹೊಸ ರಾಜ್ಯದ ನಂಬರ್ ಕೊಡಿ ಅಂತ ಕೇಳುವುದು ಫಾರ್ಮ್ 27. ಇವೆಲ್ಲ ಎನ್‌ಒಸಿ ಜೊತೆ ಕೊಂಡವರ ಊರಿನ ಆರ್‌ಟಿಒಗೆ ಹೋಗಬೇಕು. ಅವರು ಗಾಡಿ ನೋಡಿ, ತಮ್ಮ ರಾಜ್ಯದ ತೆರಿಗೆ ಕಟ್ಟಿಸಿಕೊಂಡು, ಹೊಸ ನಂಬರು ಹೊಸ ಹೆಸರು ಎರಡನ್ನೂ ಒಟ್ಟಿಗೆ ಬರೆಯುತ್ತಾರೆ. ಅದಾದ ಮೇಲಷ್ಟೇ ನಮ್ಮ ಹೆಸರು ಅಳಿಸುತ್ತದೆ. ನಾನು ಈ ಎಲ್ಲ ಫಾರ್ಮಿಗೂ ಸಹಿ ಮಾಡಿ ಡೀಲರ್ ಕೈಗೆ ಕೊಟ್ಟಿದ್ದೆ. ಅಲ್ಲಿಂದ ಮುಂದೆ ಅವು ಎಲ್ಲಿಗೆ ಹೋದವು ಅಂತ ಕೇಳಿರಲಿಲ್ಲ.

"ಕೊಂಡವರು ಮಾಡಿಸದೇ ಇದ್ರೆ ನನ್ನ ತಪ್ಪೇನು ಮೇಡಂ?" ಅಂದೆ, ಸ್ವಲ್ಪ ಗಟ್ಟಿಯಾಗೇ.

ಅವರು ಕನ್ನಡಕ ಸರಿಮಾಡಿಕೊಂಡರು. "ಕೊಂಡವರಿಗೆ ಮೂವತ್ತು ದಿನ. ಸರಿ. ಆದ್ರೆ ಹೊರರಾಜ್ಯಕ್ಕೆ ಮಾರಿದವರಿಗೂ ನಲವತ್ತೈದು ದಿನ ಅಂತ ಇದೆ. ಆ ಎನ್‌ಒಸಿಯನ್ನ ಅಲ್ಲಿನ ಕಚೇರಿಗೆ ತಲುಪಿಸೋ ಜವಾಬ್ದಾರಿ ನಿಮ್ಮದು. ನೀವು ಡೀಲರಿಗೆ ಕೊಟ್ರಿ. ಡೀಲರು ಆರ್‌ಟಿಒ ಅಲ್ಲವಲ್ಲ?"

ಮನೆಗೆ ಬಂದು ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ತೆಗೆದು ಓದಿದೆ. ಅವರು ಹೇಳಿದ್ದು ಅಕ್ಷರಶಃ ಸರಿ. ಅದೇ ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನದಲ್ಲಿ ತಿಳಿಸಬೇಕು, ಬೇರೆ ರಾಜ್ಯವಾದರೆ 45 ದಿನದೊಳಗೆ ಎನ್‌ಒಸಿ ಅಲ್ಲಿನ ಕಚೇರಿಗೆ ಕಳಿಸಬೇಕು. ಇಷ್ಟು ದಿನ ಬೇರೆಯವರ ಮೇಲೆ ಹಾಕುತ್ತಿದ್ದ ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಅವತ್ತು ರಾತ್ರಿ ಓದಿದ ಇನ್ನೊಂದು ವಿಷಯ ನಿದ್ದೆ ಕೆಡಿಸಿತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಅನ್ನುವ ಕೇಸಿನಲ್ಲಿ ಒಂದು ತೀರ್ಪು ಕೊಟ್ಟಿದೆ. ಅದರಲ್ಲೂ ಕಾರು ಒಬ್ಬರಿಂದ ಒಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಅಂತ ಹಲವು ಸಲ ಕೈ ಬದಲಾಗಿತ್ತು, ಆರ್‌ಟಿಒ ದಾಖಲೆಯಲ್ಲಿ ಮಾತ್ರ ಮೊದಲನೆಯವರ ಹೆಸರೇ ಉಳಿದಿತ್ತು. 2009ರಲ್ಲಿ ಆ ಕಾರು ಅಪಘಾತ ಮಾಡಿತು, ಒಂದು ಜೀವ ಹೋಯಿತು. ಪರಿಹಾರ ಕೊಡಬೇಕಾದವರು ಯಾರು ಅನ್ನುವ ಪ್ರಶ್ನೆಗೆ ಕೋರ್ಟ್ ಹೇಳಿದ್ದು: ಕಾಯ್ದೆಯ ಪ್ರಕಾರ ಮಾಲೀಕ ಅಂದರೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರು. ಅಪಘಾತದಲ್ಲಿ ತಮ್ಮವರನ್ನು ಕಳೆದುಕೊಂಡವರು ಕಾರು ಯಾರಿಂದ ಯಾರಿಗೆ ಹೋಯಿತು ಅಂತ ಹುಡುಕಿಕೊಂಡು ಅಲೆಯುವಂತೆ ಆಗಬಾರದು.

ಓದಿದ ಮೇಲೆ ಆ ಮಾತು ನ್ಯಾಯವಾಗಿಯೇ ಕಂಡಿತು. ಆದರೆ ಅದರ ಅರ್ಥ ನನ್ನ ಪಾಲಿಗೆ ಏನು? ವಿಮೆ ಚಾಲ್ತಿಯಲ್ಲಿದ್ದರೆ ಪರಿಹಾರವನ್ನು ವಿಮಾ ಕಂಪನಿ ಕೊಡುತ್ತದೆ. ಇಲ್ಲದಿದ್ದರೆ ಮನೆ ಸಾಲ ತೀರಿಸುತ್ತಿರುವ ನಾನು ಕೊಡಬೇಕು. ಮಾರಿದ ರಸೀದಿ ತೋರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಹೆಂಡತಿಗೆ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ಹೆಸರು ನಿನ್ನದೇ ಇದೆ ಅಂದ್ರೆ ಇನ್ಶೂರೆನ್ಸೂ ನೀನೇ ಮಾಡಿಸಬಹುದಲ್ವಾ?" ಅಂದಳು.

ಅಷ್ಟು ಹೊತ್ತು ನನಗೆ ಹೊಳೆದೇ ಇರಲಿಲ್ಲ! ರಾತ್ರಿ ಹನ್ನೊಂದೂಕಾಲಿಗೆ, ಕಣ್ಣಿಗೇ ಬೀಳದ ಕಾರಿಗೆ, ಮೂರೂವರೆ ಸಾವಿರದಷ್ಟು ಕಟ್ಟಿ ಆನ್‌ಲೈನಲ್ಲಿ ಒಂದು ವರ್ಷದ ಥರ್ಡ್ ಪಾರ್ಟಿ ಪಾಲಿಸಿ ತೆಗೆದುಕೊಂಡೆ. ಬರೀ ಥರ್ಡ್ ಪಾರ್ಟಿ ಆದ್ದರಿಂದ ಗಾಡಿ ತೋರಿಸಿ ಅಂತ ಯಾರೂ ಕೇಳಲಿಲ್ಲ. ಮಾರಿದ ಕಾರಿಗೆ ವಿಮೆ ಮಾಡಿಸಿದ ಮೂರ್ಖ ಅಂತ ಆಫೀಸಿನಲ್ಲಿ ನಕ್ಕರು. ನಗಲಿ. ಆ ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸ ಅದು, ಐಡಿಯಾ ನನ್ನದಲ್ಲದಿದ್ದರೂ.

ಇನ್ನು ಕಾರನ್ನು ಹುಡುಕಬೇಕಿತ್ತು. ಡೀಲರ್ ನಾಲ್ಕು ಸಲ ಫೋನೆತ್ತಲಿಲ್ಲ, ಐದನೇ ಸಲ "ಅದು ನಮ್ಮ ಕೈ ದಾಟಿ ಹೋಗಿದೆ ಸಾರ್" ಅಂದ. ಪುಣ್ಯಕ್ಕೆ ಡೆಲಿವರಿ ಕೊಟ್ಟ ದಿನ ತಾರೀಖು, ಟೈಮು, ಮೀಟರ್ ರೀಡಿಂಗ್ ಎಲ್ಲ ಬರೆದು ಕೊಂಡವರ ಸಹಿ ಹಾಕಿಸಿಕೊಂಡ ಹಾಳೆ ನನ್ನ ಹತ್ತಿರ ಇತ್ತು, ಜೊತೆಗೆ ಅವರ ಆಧಾರ್ ಕಾಪಿ. ಕೊಲ್ಹಾಪುರದ ಆ ನಂಬರಿಗೆ ಫೋನ್ ಮಾಡಿದೆ. ಆತ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರು. ಆರ್‌ಟಿಒಗೆ ಯಾಕೆ ಹೋಗಲಿಲ್ಲ ಅಂದರೆ, "ಒಂದು ವರ್ಷ ಟೈಮ್ ಇದೆಯಲ್ಲ ಸಾಬ್" ಅಂದರು.

ಈ ಒಂದು ವರ್ಷದ ಮಾತನ್ನು ನೀವೂ ಕೇಳಿರುತ್ತೀರಿ. ಅದು ಸುಳ್ಳಲ್ಲ, ಆದರೆ ಬೇರೆ ಲೆಕ್ಕ. ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿನ ನಂಬರ್ ತಗೊಳ್ಳಬೇಕು ಅನ್ನುವುದು ಸೆಕ್ಷನ್ 47. ತನ್ನದೇ ಗಾಡಿಯಲ್ಲಿ ಊರು ಬದಲಾಯಿಸಿದವರಿಗೆ ಅನುಕೂಲವಾಗಲಿ ಅಂತ ಇರುವ ಅವಧಿ ಅದು. ಮಾಲೀಕರು ಬದಲಾದಾಗ ಇರುವ ಮೂವತ್ತು ದಿನವನ್ನು ಅದು ಹಿಗ್ಗಿಸುವುದಿಲ್ಲ.

ಅಸಲಿ ಕಾರಣ ಬೇರೆ ಇತ್ತು. ಮಹಾರಾಷ್ಟ್ರದಲ್ಲಿ ಹೊಸದಾಗಿ ನೋಂದಾಯಿಸಬೇಕಾದರೆ ಅಲ್ಲಿನ ಒಂದೇ ಸಲದ ರಸ್ತೆ ತೆರಿಗೆ ಕಟ್ಟಬೇಕು. ಗಾಡಿಯ ಮೂಲ ಬೆಲೆ, ಇಂಧನ, ವಯಸ್ಸು ನೋಡಿ ಅದನ್ನು ಲೆಕ್ಕ ಹಾಕುತ್ತಾರೆ. ನನ್ನ ಏಳು ವರ್ಷದ ಪೆಟ್ರೋಲ್ ಕಾರಿಗೆ ಅದು ನಲವತ್ತು ಸಾವಿರದ ಹತ್ತಿರ ಬರುತ್ತಿತ್ತು. ಆ ನಲವತ್ತು ಸಾವಿರ ಯಾರೂ ಕಟ್ಟಲು ಇಷ್ಟಪಡದೆ, ಕೆಎ ನಂಬರಲ್ಲೇ ಓಡಿಸಿಕೊಂಡು, ಆರು ತಿಂಗಳಾದ ಮೇಲೆ ಆತ ಕಾರನ್ನು ಹಾಗೇ ಇನ್ನೊಬ್ಬರಿಗೆ ಮಾರಿಬಿಟ್ಟಿದ್ದರು. ಯಾರಿಗೆ? "ಜತ್ತ ಕಡೆಯ ಒಬ್ಬ ಮಾಸ್ತರಿಗೆ."

ಜತ್ತ ಸಾಂಗ್ಲಿ ಜಿಲ್ಲೆಯ ತಾಲೂಕು, ವಿಜಯಪುರಕ್ಕೆ ಹತ್ತಿರ. ಅಲ್ಲಿ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡವೇ. ಫೋನ್ ಹಚ್ಚಿ ಹಿಂದಿಯಲ್ಲಿ ಶುರುಮಾಡಿದವನಿಗೆ ಆ ಕಡೆಯಿಂದ ಬಂದಿದ್ದು, "ಕನ್ನಡದಾಗ ಮಾತಾಡ್ರಿ ಸರ, ನಾ ಕನ್ನಡ ಸಾಲಿ ಮಾಸ್ತರ ಅದೀನಿ."

ಜಗಳಕ್ಕೆ ತಯಾರಾಗಿ ಕೂತವನಿಗೆ ಬಾಯಿ ಕಟ್ಟಿಹೋಯಿತು.

ಅವರು ಪೂರ್ತಿ ಹಣ ಕೊಟ್ಟಿದ್ದರು. "ಎನ್‌ಒಸಿ ಒರಿಜಿನಲ್ ಐತಿ, ಆರ್‌ಸಿ ಐತಿ, ಕಾಗದ ಎಲ್ಲಾ ಸರಿ ಅದಾವ ಅಂತ ಹೇಳಿದ್ರ್ರೀ. ಇನ್ಶೂರೆನ್ಸ್ ಮುಗದದ್ದು ನನಗ ಗೊತ್ತಿಲ್ರಿ." ಚಲನ್ ಬಿದ್ದ ದಿನ ತಾಯಿಯನ್ನು ಮಿರಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರಂತೆ. ವಾರಕ್ಕೆರಡು ಸಲ ಡಯಾಲಿಸಿಸ್. ಅದಕ್ಕೇ ಕಾರು ಕೊಂಡಿದ್ದು.

"ನೀವ್ ಗಾಡಿ ವಾಪಸ್ ಇಸಗೋತೀರೇನ್ರಿ?" ಅಂತ ಕೇಳಿದರು. ದಾಖಲೆಯ ಪ್ರಕಾರ ಮಾಲೀಕ ನಾನೇ. ಅವರ ಹತ್ತಿರ ಇದ್ದಿದ್ದು ಕೊಟ್ಟ ಹಣದ ನೆನಪು ಮತ್ತು ನನ್ನ ಹೆಸರಿನ ಆರ್‌ಸಿ. ನನಗೆ ಎಷ್ಟು ಭಯ ಇತ್ತೋ ಅವರಿಗೂ ಅಷ್ಟೇ ಭಯ ಇತ್ತು ಅಂತ ಆಗ ಅರ್ಥವಾಯಿತು. ವರ್ಗಾವಣೆ ಆಗದ ಗಾಡಿ ಮಾರಿದವನನ್ನೂ ಕೊಂಡವನನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಹಾಕುತ್ತದೆ.

ಸರಿ, ಮಾಸ್ತರು ಸಾಂಗ್ಲಿ ಆರ್‌ಟಿಒಗೆ ಹೋಗಿ ಮಾಡಿಸಿಕೊಳ್ಳಲಿ ಅಂದರೆ ಇನ್ನೊಂದು ಗಂಟು. ಎನ್‌ಒಸಿಯಲ್ಲಿ ಗಾಡಿ ಯಾವ ಕಚೇರಿಗೆ ಹೋಗುತ್ತದೆ ಅಂತ ಹೆಸರಿಟ್ಟು ಬರೆದಿರುತ್ತಾರೆ. ನಮ್ಮದರಲ್ಲಿ ಇದ್ದಿದ್ದು ಕೊಲ್ಹಾಪುರ, ಅಂದರೆ ಎಂಎಚ್-09. ಮಾಸ್ತರ ವಿಳಾಸ ಸಾಂಗ್ಲಿ, ಎಂಎಚ್-10. ಆ ಎನ್‌ಒಸಿ ಅಲ್ಲಿ ನಡೆಯುವುದಿಲ್ಲ. ಹಾಗಂತ ಇಲ್ಲಿ ಸುಮ್ಮನೆ ಇನ್ನೊಂದು ಎನ್‌ಒಸಿ ಕೊಡುವ ಹಾಗೂ ಇಲ್ಲ. ಒಮ್ಮೆ ಕೊಟ್ಟ ಮೇಲೆ ಕಂಪ್ಯೂಟರಿನಲ್ಲಿ ಆ ಗಾಡಿಯ ದಾಖಲೆಗೆ ಬೀಗ ಬಿದ್ದಿರುತ್ತದೆ, ಹಳೆಯದನ್ನು ರದ್ದು ಮಾಡದೆ ಬೇರೆ ಯಾವ ಅರ್ಜಿಯನ್ನೂ ಅದು ತೆಗೆದುಕೊಳ್ಳುವುದಿಲ್ಲ.

ಕೌಂಟರಿನ ಮೇಡಂ ಒಂದು ಚೀಟಿಯಲ್ಲಿ ನಂಬರ್ ಹಾಕಿ ಬರೆದುಕೊಟ್ಟರು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಮೊದಲು, ಈ ಗಾಡಿ ನಮ್ಮಲ್ಲಿ ನೋಂದಣಿಯಾಗಿಲ್ಲ ಅಂತ ಕೊಲ್ಹಾಪುರದ ಕಚೇರಿಯಿಂದ ಪತ್ರ. ಆ ಪತ್ರ, ಹಳೇ ಎನ್‌ಒಸಿಯ ಒರಿಜಿನಲ್, ಮಾಲೀಕರ ಅರ್ಜಿ ಮೂರೂ ಸೇರಿಸಿ ರದ್ದತಿ. ಬಾಕಿ ಚಲನ್ ಎಲ್ಲ ಪಾವತಿ. ಚಾಲ್ತಿಯಲ್ಲಿರುವ ವಿಮೆ. ಆಮೇಲೆ ಸಾಂಗ್ಲಿ ಹೆಸರಿಗೆ ಹೊಸ ಫಾರ್ಮ್ 28, ಅದರ ಮೇಲೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್. "ರದ್ದತಿಗೆ ಅರ್ಜಿ ಹಾಕಬೇಕಾದವರು ನೀವೇ" ಅಂತ ಕೊನೆಗೆ ಅಂಡರ್‌ಲೈನ್ ಮಾಡಿ ಬರೆದಿದ್ದರು. ಅಂದರೆ ನಾನು ಫೋನ್ ಸ್ವಿಚ್ ಆಫ್ ಮಾಡಿ ಕೂತರೆ ಮಾಸ್ತರು ಏನು ಮಾಡಿದರೂ ಆ ಕಾರು ಅವರದಾಗುತ್ತಿರಲಿಲ್ಲ.

ಕೊಲ್ಹಾಪುರದ ಪತ್ರಕ್ಕೆ ಮೊದಲು ಕೊಂಡವರೇ ಓಡಾಡಿದರು. ಮಾಸ್ತರು ಅವರ ಮನೆ ಮುಂದೆ ಎರಡು ದಿನ ಕೂತರು ಅಂತ ಆಮೇಲೆ ಗೊತ್ತಾಯಿತು. ಕಾರಿನ ಮೇಲೆ ತನಗೆ ಯಾವ ಹಕ್ಕೂ ಇಲ್ಲ, ಮಾಸ್ತರಿಗೆ ಕೊಟ್ಟಿದ್ದೇನೆ ಅಂತ ಸ್ಟ್ಯಾಂಪ್ ಪೇಪರಿನಲ್ಲೂ ಬರೆದುಕೊಟ್ಟರು. ಚಲನಿನ ಎರಡು ಸಾವಿರ ಮಾಸ್ತರೇ ಕಟ್ಟಿ ರಸೀದಿ ಕಳಿಸಿದರು.

ಪೆನ್ಸಿಲ್ ಪ್ರಿಂಟ್ ಅಂದರೆ ಏನು ಅಂತ ಅವರಿಗೆ ಫೋನಿನಲ್ಲಿ ವಿವರಿಸಿದ್ದು ಮಜವಾಗಿತ್ತು. ಕಾರಿನ ಲೋಹದ ಮೇಲೆ ಕೊರೆದಿರುವ ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು, ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದರೆ ಅಕ್ಷರಗಳು ಮೂಡುತ್ತವೆ. ಗಾಡಿ ಅದೇ, ನಂಬರ್ ತಿದ್ದಿಲ್ಲ ಅನ್ನುವುದಕ್ಕೆ ಅದು ಸಾಕ್ಷಿ. "ಸಣ್ಣವರಿದ್ದಾಗ ನಾಣ್ಯದ ಮ್ಯಾಲ ಹಾಳಿ ಇಟ್ಟು ತಿಕ್ಕತಿದ್ವಲ್ಲರಿ, ಹಂಗ?" ಅಂದರು ಮಾಸ್ತರು. ಹಂಗೇ. ಐದನೇ ಕ್ಲಾಸಿನ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ಆರು ಪ್ರಿಂಟ್ ತೆಗೆದು ಸ್ಪೀಡ್ ಪೋಸ್ಟ್ ಮಾಡಿದರು, ನಾಲ್ಕು ಸಾಕಾಗುತ್ತಿತ್ತು.

ಈ ಮಧ್ಯೆ ನಾನು ಇನ್ನೊಂದು ಕೆಲಸ ಮಾಡಿದೆ. ಯಾವ ತಾರೀಖಿಗೆ ಯಾರಿಗೆ ಮಾರಿದೆ, ಈಗ ಗಾಡಿ ಯಾರ ಹತ್ತಿರ ಇದೆ ಅಂತ ಬರೆದು, ಫಾರ್ಮ್ 29 ಮತ್ತು ಡೆಲಿವರಿ ಹಾಳೆಯ ಕಾಪಿ ಇಟ್ಟು, ನಮ್ಮ ಆರ್‌ಟಿಒಗೂ ಅಲ್ಲಿನ ಆರ್‌ಟಿಒಗೂ ಅಕ್‌ನಾಲೆಜ್‌ಮೆಂಟ್ ಸಹಿತ ರಿಜಿಸ್ಟರ್ಡ್ ಪೋಸ್ಟ್ ಕಳಿಸಿದೆ. ಇದರಿಂದ ಮಾಲೀಕತ್ವ ಹೋಗುವುದಿಲ್ಲ, ಆ ಭ್ರಮೆ ಬೇಡ. ಆದರೆ ನಾಳೆ ಆ ಗಾಡಿಯಲ್ಲಿ ಯಾರಾದರೂ ಏನಾದರೂ ಸಾಗಿಸಿ ಸಿಕ್ಕಿಬಿದ್ದರೆ, ಪೊಲೀಸರು ಮೊದಲು ಬರುವುದು ನಮ್ಮ ಮನೆಗೆ. ಆಗ ತೋರಿಸಲು ತಾರೀಖಿರುವ ಒಂದು ಕಾಗದ ಬೇಕು.

ಎಲ್ಲ ಸರಿಹೋಗುವ ಹೊತ್ತಿಗೆ ಮತ್ತೆ ಅದೇ ನಲವತ್ತು ಸಾವಿರ ಅಡ್ಡ ಬಂತು. ಮಾಸ್ತರು ಒಂದು ದಿನ ಬಹಳ ಸಂಕೋಚದಿಂದ, "ಒಂದೆರಡ ತಿಂಗಳ ತಡ್ಕೋರಿ ಸರ, ಟ್ಯಾಕ್ಸಿಗೆ ರೊಕ್ಕಾ ಹೊಂದಸಬೇಕು" ಅಂದರು. ತಡೆದುಕೊಳ್ಳುವುದಕ್ಕೆ ನನಗೆ ಧೈರ್ಯ ಇರಲಿಲ್ಲ.

ಆಗ ನೆನಪಾಗಿದ್ದು ರೀಫಂಡ್. 2016ರಲ್ಲಿ ಈ ಕಾರು ಕೊಂಡಾಗ ಕರ್ನಾಟಕಕ್ಕೆ ನಾನು ಜೀವಾವಧಿ ತೆರಿಗೆ ಕಟ್ಟಿದ್ದೆ, ಎಂಬತ್ತು ಸಾವಿರ ಚಿಲ್ಲರೆ. ಗಾಡಿ ಶಾಶ್ವತವಾಗಿ ಹೊರರಾಜ್ಯಕ್ಕೆ ಹೋದರೆ ಉಳಿದ ವರ್ಷಗಳ ಪಾಲನ್ನು ವಾಪಸ್ ಕೇಳಬಹುದು. ವಯಸ್ಸು ಹೆಚ್ಚಾದಂತೆ ಆ ಪಾಲು ಕರಗುತ್ತಾ ಹೋಗುತ್ತದೆ. ತೊಡಕು ಏನೆಂದರೆ, ಹೊಸ ರಾಜ್ಯದಲ್ಲಿ ನೋಂದಣಿಯಾಗಿ ತೆರಿಗೆ ಕಟ್ಟಿದ ದಾಖಲೆ ತೋರಿಸಿದ ಮೇಲಷ್ಟೇ ಹಳೇ ರಾಜ್ಯ ಹಣ ವಾಪಸ್ ಕೊಡುತ್ತದೆ. ಮೊದಲು ಅಲ್ಲಿ ಜೇಬಿನಿಂದ ಕಟ್ಟಬೇಕು, ಆಮೇಲೆ ಇಲ್ಲಿ ಕಾಯಬೇಕು. ನಿಮ್ಮದೇ ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯುವವರಿದ್ದರೆ ಈ ಎರಡು ಮೊತ್ತಗಳ ನಡುವಿನ ತಿಂಗಳುಗಳಿಗೆ ಹಣ ಹೊಂದಿಸಿಟ್ಟುಕೊಳ್ಳಿ.

ಮಾಸ್ತರಿಗೆ ಹೇಳಿದೆ: ನೀವು ಈಗ ಕಟ್ಟಿ, ಹೊಸ ಆರ್‌ಸಿ ಬಂದ ತಕ್ಷಣ ಕಾಪಿ ಕಳಿಸಿ, ನಾನು ಇಲ್ಲಿ ರೀಫಂಡಿಗೆ ಹಾಕುತ್ತೇನೆ, ಬಂದಿದ್ದು ನಿಮಗೆ. ಅರ್ಧ ಹಣವನ್ನು ಮುಂಗಡ ಅಂತ ಅವತ್ತೇ ಕಳಿಸಿದೆ. ಇದರಲ್ಲಿ ಔದಾರ್ಯ ಏನೂ ಇಲ್ಲ. ತೆರಿಗೆ ಕಟ್ಟಿದರೆ ಅವರಿಗೆ ಕಾರು ಸಿಗುತ್ತದೆ, ನನಗೆ ನಿದ್ದೆ ಸಿಗುತ್ತದೆ. ಮೊದಲ ಸಲ ಮಾರುವಾಗಲೇ ಹೀಗೆ ಇಬ್ಬರಿಗೂ ಲಾಭ ಇರುವ ಒಂದು ಕೊಂಡಿ ಹಾಕಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಅಕ್ಟೋಬರಿನಲ್ಲಿ ಒಂದು ಬೆಳಗ್ಗೆ ಮಾಸ್ತರು ಫೋಟೋ ಕಳಿಸಿದರು. ಎಂಎಚ್-10 ನಂಬರ್ ಪ್ಲೇಟು, ಪಕ್ಕದಲ್ಲಿ ಸೆರಗು ಹೊದ್ದು ನಿಂತ ಅವರ ತಾಯಿ, ಬಾನೆಟ್ ಮೇಲೆ ಒಂದು ಹೂವಿನ ಮಾಲೆ. ನಾನು ಆ್ಯಪಿಗೆ ಹೋಗಿ ಹೊಸ ನಂಬರ್ ಹಾಕಿ ನೋಡಿದೆ. ಅರ್ಧ ಮುಚ್ಚಿದ ಹೆಸರು, ಆದರೆ ನನ್ನದಲ್ಲ. ರೀಫಂಡ್ ಬರಲು ಇನ್ನೂ ಎಷ್ಟೋ ತಿಂಗಳು ಹಿಡಿಯಿತು, ಬಂದಿದ್ದು ಕಟ್ಟಿದ್ದರ ಅರ್ಧದ ಆಸುಪಾಸು. ಉಳಿದಿದ್ದನ್ನು ಮಾಸ್ತರ ಖಾತೆಗೆ ಹಾಕಿದೆ.

ಈಚೆಗೆ ನಮ್ಮ ಟೀಮಿನ ಹುಡುಗಿ ತನ್ನ ಸ್ಕೂಟರನ್ನು ಹೊಸೂರಿನ ಒಬ್ಬರಿಗೆ ಮಾರುತ್ತೇನೆ ಅಂದಾಗ ನಾನು ಬೇಡದ ಉಪದೇಶ ಮಾಡಿದೆ. ಡೀಲರ್ ಮೂಲಕ ಮಾರುವುದಾದರೆ ಆರ್‌ಟಿಒ ಕೊಟ್ಟ ಆಥರೈಸೇಷನ್ ಸರ್ಟಿಫಿಕೇಟ್ ಇದೆಯಾ ಅಂತ ಕೇಳು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಅಂಥ ಅಧಿಕೃತ ಡೀಲರಿಗೆ ಗಾಡಿ ಒಪ್ಪಿಸಿ ಫಾರ್ಮ್ 29ಸಿಯಲ್ಲಿ ಆನ್‌ಲೈನ್ ಮಾಹಿತಿ ಕೊಟ್ಟರೆ, ಗಾಡಿ ಅವರ ಹತ್ತಿರ ಇರುವಷ್ಟು ದಿನ ಆಗುವುದಕ್ಕೆಲ್ಲ ಅವರೇ ಹೊಣೆ. ನಾನು ಮಾರುವಾಗ ಆ ದಾರಿ ಇರಲಿಲ್ಲ. ನೇರವಾಗಿ ಮಾರುವುದಾದರೆ ಬೆಲೆಯಲ್ಲಿ ಒಂದಷ್ಟು ಹಣವನ್ನು ಹೊಸ ಆರ್‌ಸಿ ತೋರಿಸಿದ ಮೇಲೆ ತಗೊಳ್ಳುತ್ತೇನೆ ಅಂತ ಬರೆದಿಟ್ಟುಕೊ, ಅದನ್ನು ಅವರ ರಾಜ್ಯದ ತೆರಿಗೆಗೆ ಸಮ ಮಾಡಿಕೊ. ಎನ್‌ಒಸಿಯಲ್ಲಿ ಕೊಳ್ಳುವವರ ವಿಳಾಸದ ಆರ್‌ಟಿಒ ಹೆಸರೇ ಇದೆಯಾ ಅಂತ ಎರಡು ಸಲ ನೋಡು. ಮತ್ತೆ ನಲವತ್ತೈದು ದಿನ ಆಗುವುದರೊಳಗೆ ಕ್ಯಾಲೆಂಡರಿನಲ್ಲಿ ಒಂದು ರಿಮೈಂಡರ್ ಹಾಕಿ ಆ್ಯಪ್ ತೆಗೆದು ನೋಡು, ಹೆಸರು ಯಾರದಿದೆ ಅಂತ.

ಅವಳು ಎಲ್ಲ ಕೇಳಿ, "ಎನ್‌ಒಸಿ ಸಿಕ್ಕಿದ್ರೆ ಸಾಕು ಅಂದ್ಕೊಂಡಿದ್ದೆ" ಅಂದಳು.

"ನಿಮ್ಮನೇಲಿ ಸ್ಕೂಲಿಗೆ ಹೋಗೋ ಮಕ್ಕಳು ಇದ್ದಾರಾ?" ಅಂತ ಕೇಳಿದೆ.